ಸಮುದ್ರದಂಚಿನ ವಸತಿ ಕಟ್ಟಡ: ಕಬ್ಬಿಣದ ತುಕ್ಕಿನ ಪರೀಕ್ಷೆ ಮತ್ತು ದುರಸ್ತಿ ವರದಿ

ಕಟ್ಟಡದ ನಿವಾಸಿಗಳ ಸಮಿತಿಗೆ,

ಮೊದಲು ತುರ್ತಿನ ಮಾತು. ಕಡಲಿಗೆ ಮುಖಮಾಡಿರುವ 3ನೇ ಕಂಬದ ಸುತ್ತ ಈ ವಾರವೇ ಭಾರ ಹೊರುವ ಉಕ್ಕಿನ ಊರುಗೋಲು, ಅಂದರೆ ಪ್ರಾಪ್, ಕೊಡಿಸಿ. ಅದರ ಪಕ್ಕದ ಎರಡು ಪಾರ್ಕಿಂಗ್ ಜಾಗ ಖಾಲಿ ಇರಲಿ. ಉಳಿದ ಕೆಲಸಕ್ಕೆ ಯೋಜನೆ ಮಾಡಿಕೊಳ್ಳಲು ಸಮಯ ಇದೆ, ಇದಕ್ಕಿಲ್ಲ.

ಕಟ್ಟಡಕ್ಕೆ 31 ವರ್ಷ. ನೆಲಮಟ್ಟದಲ್ಲಿ ಬರೀ ಕಂಬಗಳ ಪಾರ್ಕಿಂಗ್, ಮೇಲೆ ಮೂರು ಅಂತಸ್ತು, ಅದರ ಮೇಲೆ ಆಮೇಲೆ ಸೇರಿಸಿದ ನಾಲ್ಕನೆಯದು. ಅಲೆ ಒಡೆಯುವ ಜಾಗ ಸುಮಾರು 220 ಮೀಟರ್ ದೂರ. ನಾಲ್ಕು ವರ್ಷದ ಹಿಂದೆ ಒಮ್ಮೆ ದುರಸ್ತಿ ಆಗಿದೆ. ಆಗ ತೇಪೆ ಹಾಕಿದ ಜಾಗದ ಪಕ್ಕದಲ್ಲೇ ಮತ್ತೆ ಕಾಂಕ್ರೀಟ್ ಉದುರುತ್ತಿದೆ ಅನ್ನೋದು ನಿಮ್ಮ ದೂರು. ಯಾಕೆ ಅನ್ನೋದಕ್ಕೆ ಉತ್ತರ ಸಿಕ್ಕಿದೆ.

ಹಾಫ್ ಸೆಲ್ ಓದು

ಕಾಂಕ್ರೀಟಿನೊಳಗಿನ ಕಬ್ಬಿಣ ಎಲ್ಲಿ ಕರಗುತ್ತಿದೆಯೋ ಅಲ್ಲಿ ಅದರ ವಿದ್ಯುತ್ ಮಟ್ಟ ಹೆಚ್ಚು ಋಣಾತ್ಮಕವಾಗಿರುತ್ತದೆ. ವೋಲ್ಟ್‌ಮೀಟರಿನ ಒಂದು ತುದಿಯನ್ನು ಸರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯ ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡನ್ನು ಕಾಂಕ್ರೀಟಿನ ಮೇಲೆ ಇಟ್ಟು ಅಳೆಯುತ್ತೇವೆ. ಈ ಎಲೆಕ್ಟ್ರೋಡೇ ಹಾಫ್ ಸೆಲ್. ಪೇಂಟ್ ಕೆರೆದು, ಮೈ ಒದ್ದೆ ಮಾಡಿ, ಪ್ರತಿ 300 ಮಿಲಿಮೀಟರಿಗೆ ಒಂದರಂತೆ ಓದು ತೆಗೆದೆವು. ಅದಕ್ಕೂ ಮೊದಲು ಸರಳುಗಳು ಒಂದಕ್ಕೊಂದು ತಾಗಿಕೊಂಡಿವೆಯೇ ಎಂದು ನೋಡಿದೆವು. ಎರಡು ದೂರದ ಸರಳುಗಳ ನಡುವೆ 1 ಓಮ್‌ಗಿಂತ ಕಡಿಮೆ ಬಂತು. ಇದನ್ನು ನೋಡದೆ ತೆಗೆದ ಓದಿಗೆ ಬೆಲೆಯಿಲ್ಲ.

ಈ ಪರೀಕ್ಷೆಯ ಅಮೆರಿಕನ್ ಮಾನದಂಡ ಎಎಸ್‌ಟಿಎಂ ಸಿ 876 ಪ್ರಕಾರ ಓದು ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗಿದ್ದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇಕಡ 90ಕ್ಕಿಂತ ಜಾಸ್ತಿ. ಮೈನಸ್ 200ಕ್ಕಿಂತ ಮೇಲಿದ್ದರೆ ತುಕ್ಕು ಇಲ್ಲದಿರುವ ಸಾಧ್ಯತೆಯೂ ಶೇಕಡ 90ಕ್ಕಿಂತ ಜಾಸ್ತಿ. ನಡುವಿನದು ಗೊಂದಲದ ಪಟ್ಟಿ. ಇದು ಸಾಧ್ಯತೆಯ ಮಾತು ಅಷ್ಟೇ. ತುಕ್ಕು ಎಷ್ಟು ವೇಗದ್ದು, ಎಷ್ಟು ಕಬ್ಬಿಣ ಹೋಗಿದೆ ಅನ್ನೋದನ್ನು ಈ ಅಂಕಿ ಹೇಳುವುದಿಲ್ಲ.

| ಜಾಗ | ಓದು (ಮಿಲಿವೋಲ್ಟ್) |
|---|---|
| ಒಳಸಾಲಿನ ಕಂಬಗಳು | −120ರಿಂದ −185 |
| ಕಡಲ ಕಡೆಯ ಕಂಬ 1, 2, 4 | −290ರಿಂದ −395 |
| ಕಂಬ 3, ಹಳೆ ತೇಪೆಯ ಮೇಲೆ | −170ರಿಂದ −190 |
| ಕಂಬ 3, ತೇಪೆಯ ಅಂಚಿನಾಚೆ | −430ರಿಂದ −468 |
| ನಾಲ್ಕನೇ ಅಂತಸ್ತಿನ ಬೀಮ್ | −240ರಿಂದ −310 |
| ನಾಲ್ಕನೇ ಅಂತಸ್ತಿನ ಸಜ್ಜಾಗಳು | −340ರಿಂದ −420 |

3ನೇ ಕಂಬದ ಎರಡು ಸಾಲು ಒಟ್ಟಿಗೆ ಓದಿ. ಒಂದೇ ಅಡಿ ದೂರದಲ್ಲಿ ಸುಮಾರು 270 ಮಿಲಿವೋಲ್ಟ್ ಇಳಿತ. ಇಷ್ಟು ಕಡಿದಾದ ಇಳಿತ ನನಗೆ ಒಂಟಿ ಅಂಕಿಗಿಂತ ಮುಖ್ಯ. ಹಳೆಯ ಕೆಲಸದಲ್ಲಿ ಉದುರಿದಷ್ಟು ಜಾಗ ಮಾತ್ರ ಕೆತ್ತಿ ಹೊಸ ಗಾರೆ ತುಂಬಿದ್ದಾರೆ. ಕೆತ್ತುವ ಮೊದಲು ಅಲ್ಲಿದ್ದ ಸರಳು ತಾನು ಕರಗುತ್ತಾ ಪಕ್ಕದ ಸರಳನ್ನು ಕಾಯುತ್ತಿತ್ತು. ಅದಕ್ಕೆ ಉಪ್ಪಿಲ್ಲದ ಹೊಸ ಗಾರೆ ಸಿಕ್ಕಿ ಸುಖವಾಯಿತು, ಕಾಯುವವರಿಲ್ಲದೆ ಪಕ್ಕದ್ದು ಕರಗಲು ಶುರುವಾಯಿತು. ಅಲ್ಲಿ ಉಪ್ಪು ಮೊದಲೇ ಇತ್ತಲ್ವಾ? ತೇಪೆಯ ಸುತ್ತ ಉಂಗುರದಂತೆ ಕಾಣುವ ತುಕ್ಕು ಇದರ ಗುರುತು.

ಅಂಚಿನ ಕಾಂಕ್ರೀಟ್ ಒಡೆದು ನೋಡಿದೆವು. ಎಂಟು ಸರಳುಗಳಲ್ಲಿ ಎರಡು ಮೂಲೆಯವು 20 ಮಿಲಿಮೀಟರ್‌ನಿಂದ 16.8ಕ್ಕೆ ಇಳಿದಿವೆ. ಕೇಳಲು ಸಣ್ಣದು, ಆದರೆ ಅಡ್ಡಕೊಯ್ತದಲ್ಲಿ ಶೇಕಡ 29 ಹೋಗಿದೆ. 8 ಮಿಲಿಮೀಟರಿನ ರಿಂಗುಗಳು ಮೂರು ಕಡೆ ಪೂರ್ತಿ ತುಂಡಾಗಿವೆ. ನನ್ನನ್ನು ಹೆದರಿಸಿದ್ದು ಇದೇ. ರಿಂಗಿನ ಹಿಡಿತ ತಪ್ಪಿದರೆ ಭಾರ ಹೊತ್ತ ಉದ್ದ ಸರಳು ಹೊರಗೆ ಬಾಗಿಬಿಡುತ್ತದೆ.

ತಾರಸಿಯ ನೀರಿನ ತೊಟ್ಟಿಯ ಗೋಡೆಯಲ್ಲಿ ಮೈನಸ್ 510 ಬಂತು. ಗಾಬರಿ ಬೇಡ. ಸದಾ ನೀರು ಕುಡಿದ ಕಾಂಕ್ರೀಟಿನಲ್ಲಿ ಆಮ್ಲಜನಕ ಸಿಗದೆ ಓದು ಹೀಗೆ ಇಳಿಯುತ್ತದೆ. ಎರಡು ಕಡೆ ತೆರೆದು ನೋಡಿದೆವು, ಸರಳು ಸರಿಯಾಗಿದೆ.

ಉಪ್ಪು ಎಲ್ಲಿಂದ ಬಂತು

ಡ್ರಿಲ್‌ನಿಂದ 10 ಮಿಲಿಮೀಟರಿಗೊಮ್ಮೆ ಬೇರೆ ಬೇರೆ ಪುಡಿ ತೆಗೆದು, ಉಪ್ಪಿನ ಅಂಶವಾದ, ಆಮ್ಲದಲ್ಲಿ ಕರಗುವ ಕ್ಲೋರೈಡ್ ಎಷ್ಟೆಂದು ಲ್ಯಾಬಿನಲ್ಲಿ ಅಳೆಸಿದೆವು. ಕೆಳಗಿನ ಅಂಕಿಗಳು ಸಿಮೆಂಟಿನ ತೂಕದ ಶೇಕಡ. ಕಾಂಕ್ರೀಟಿನ ತೂಕದ ಏಳನೇ ಒಂದು ಭಾಗ ಸಿಮೆಂಟ್ ಎಂದು ಹಿಡಿದಿದ್ದೇವೆ. ಈ ಊಹೆ ತಪ್ಪಿದರೆ ಎಲ್ಲ ಅಂಕಿಯೂ ಅದೇ ಪ್ರಮಾಣದಲ್ಲಿ ಬದಲಾಗುತ್ತದೆ, ಆಕಾರ ಬದಲಾಗುವುದಿಲ್ಲ.

| ಆಳ (ಮಿಲಿಮೀಟರ್) | ಕಂಬ 3 | ನಾಲ್ಕನೇ ಅಂತಸ್ತಿನ ಸಜ್ಜಾ |
|---|---|---|
| 0–10 | 1.33 | 0.49 |
| 10–20 | 0.98 | 0.46 |
| 20–30 | 0.70 | 0.42 |
| 30–40 | 0.49 | 0.45 |
| 40–50 | 0.21 | 0.43 |

ಕಂಬದಲ್ಲಿ ಹೊರಗೆ ಜಾಸ್ತಿ, ಒಳಗೆ ಕಡಿಮೆ. ಕಡಲ ಗಾಳಿ ತಂದ ಉಪ್ಪು 31 ವರ್ಷ ಒಳಗೆ ಜಿನುಗಿದೆ. ಸರಳಿನ ಮೇಲಿನ ಕಾಂಕ್ರೀಟ್ ಕವರ್ 32 ಮಿಲಿಮೀಟರ್. ಅಲ್ಲಿ 0.49 ಇದೆ. ಸಾಮಾನ್ಯವಾಗಿ 0.4 ದಾಟಿದರೆ ಎಚ್ಚರ ಬೇಕು ಎಂದು ಹಿಡಿಯುತ್ತೇವೆ.

ಸಜ್ಜಾದ ಕಥೆ ಬೇರೆ. ಎಷ್ಟು ಆಳಕ್ಕೆ ಹೋದರೂ ಅಷ್ಟೇ ಉಪ್ಪು. ಇದು ಹೊರಗಿನಿಂದ ಬಂದದ್ದಲ್ಲ, ಕಾಂಕ್ರೀಟ್ ಕಲಸುವಾಗಲೇ ಸೇರಿದ್ದು. ತೊಳೆಯದ ಕಡಲ ಮರಳೋ, ಉಪ್ಪು ನೀರೋ, ಈಗ ಪತ್ತೆ ಮಾಡಿ ಪ್ರಯೋಜನವಿಲ್ಲ. ಅದೇ ಅಂತಸ್ತಿನ ಬೀಮಿನಲ್ಲೂ ಎಲ್ಲ ಆಳಕ್ಕೂ 0.40ರ ಆಸುಪಾಸು ಇದೆ. ಕ್ಷಾರ ಇದ್ದಲ್ಲಿ ಗುಲಾಬಿಯಾಗುವ ಫಿನಾಫ್ತಲೀನ್ ಹಚ್ಚಿ ನೋಡಿದಾಗ, ಸರಳನ್ನು ತುಕ್ಕಿನಿಂದ ಕಾಯುವ ಕ್ಷಾರವನ್ನು ಕಾಂಕ್ರೀಟ್ ಕಳೆದುಕೊಂಡಿದ್ದು ಎಲ್ಲೂ 12 ಮಿಲಿಮೀಟರ್ ದಾಟಿಲ್ಲ. ಹಾಗಾಗಿ ಮುಖ್ಯ ಕಾರಣ ಉಪ್ಪೇ.

ದುರಸ್ತಿ

ಒಂದೇ ಕಟ್ಟಡ, ಎರಡು ರೋಗ. ಎಲ್ಲಕ್ಕೂ ಒಂದೇ ಮದ್ದು ಹಚ್ಚುವ ಕೊಟೇಶನ್ ಬಂದರೆ ಒಪ್ಪಬೇಡಿ.

ಕಡಲ ಕಡೆಯ ಕಂಬಗಳನ್ನು ಒಂದಾದ ಮೇಲೆ ಒಂದರಂತೆ, 3ರಿಂದ ಶುರುಮಾಡಿ ಕೈಗೆತ್ತಿಕೊಳ್ಳಬೇಕು. ಭಾರ ಪ್ರಾಪ್ ಮೇಲೆ ಬಂದ ನಂತರವೇ ಕೆತ್ತನೆ. ಓದು ಕೆಟ್ಟಿರುವ ಇಡೀ ಜಾಗ ಕೆತ್ತಬೇಕು, ಬರೀ ಉದುರಿದ್ದಲ್ಲ. ಅಂಚನ್ನು ಯಂತ್ರದಿಂದ ನೇರ ಕೊಯ್ದು, ಸರಳಿನ ಹಿಂದೆ 25 ಮಿಲಿಮೀಟರ್ ಬೆರಳಾಡುವಷ್ಟು ಜಾಗ ಬಿಡಬೇಕು. ಸರಳನ್ನು ಒತ್ತಡದಲ್ಲಿ ಒರಟು ಕಣ ಚಿಮ್ಮಿಸುವ ಗ್ರಿಟ್ ಬ್ಲಾಸ್ಟಿಂಗ್‌ನಿಂದ ಬಿಳಿಯಾಗಿಸಿ, ಆಮೇಲೆ ಸಿಹಿನೀರಿನ ಒತ್ತಡದಲ್ಲಿ ತೊಳೆಯಬೇಕು. ವೈರ್ ಬ್ರಷ್ ಸಾಲದು, ಗುಳಿಗಳೊಳಗೆ ಉಪ್ಪು ಕೂತಿರುತ್ತದೆ. ಸವೆದ ಎರಡು ಸರಳಿಗೆ ಹೊಸ ಸರಳು ಜೋಡಿಸಿ, ಎಲ್ಲ ರಿಂಗು ಹೊಸದು ಹಾಕಬೇಕು. ಕಂಬಕ್ಕೆ ಕುಗ್ಗದ ಮೈಕ್ರೋಕಾಂಕ್ರೀಟ್ ಸುರಿದು, 7 ದಿನ ಒದ್ದೆಯಾಗಿ ಕ್ಯೂರಿಂಗ್.

ಅಂಚಿನಾಚೆ ಉಪ್ಪು ಉಳಿದೇ ಉಳಿಯುತ್ತದೆ. ಅದಕ್ಕೇ ತೇಪೆಯ ಅಂಚಿನಲ್ಲಿ ಸತುವಿನ ಆನೋಡ್‌ಗಳನ್ನು ಸರಳಿಗೆ ಕಟ್ಟಬೇಕು. ಸರಳಿನ ಬದಲು ಸತು ಕರಗಲಿ. ಇದನ್ನು ಬಿಟ್ಟರೆ ಹಿಂದಿನ ತಪ್ಪೇ ಮರುಕಳಿಸುತ್ತದೆ. ಕೊನೆಗೆ ಮೈಗೆ ನೀರು ಹೀರದಂತೆ ತಡೆಯುವ ಸಿಲೇನ್ ಹಚ್ಚಿ, ಮೇಲೆ ಉಸಿರಾಡುವ ಕೋಟಿಂಗ್.

ಸಜ್ಜಾಗಳನ್ನು ಕೆಡವಿ ಹೊಸದಾಗಿ ಹಾಕಿ. ಉಪ್ಪು ತುಂಬಿದ ತೆಳು ಕಾಂಕ್ರೀಟಿಗೆ ತೇಪೆ ಹಾಕುವುದು ಸುಮ್ನೆ ದುಡ್ಡು ದಂಡ. ಅದೇ ಅಂತಸ್ತಿನ ಬೀಮುಗಳನ್ನು ಕೆಡವಲಾಗದು, ಇಂದು ಅಗತ್ಯವೂ ಇಲ್ಲ. ಎರಡು ಕಡೆ ತೆರೆದು ನೋಡಿದಾಗ ಮೇಲ್ಮೈ ತುಕ್ಕಷ್ಟೇ ಇತ್ತು. ತಾರಸಿಯ ಸೋರಿಕೆ ನಿಲ್ಲಿಸಿ, ಸಿಲೇನ್ ಹಚ್ಚಿ ಒಣಗಿಸುವುದು ಮೊದಲ ಹೆಜ್ಜೆ. ಒಣ ಕಾಂಕ್ರೀಟಿನಲ್ಲಿ ತುಕ್ಕು ನಿಧಾನ. ನೀರು ಹೊರಹೋಗದಂತೆ ದಪ್ಪ ಎಪಾಕ್ಸಿ ಬಳಿಯಬೇಡಿ. ವರ್ಷದ ನಂತರವೂ ಓದು ಇಳಿಯುತ್ತಿದ್ದರೆ ಹೊರಗಿನಿಂದ ಕರೆಂಟ್ ಕೊಡುವ ಕ್ಯಾಥೋಡಿಕ್ ರಕ್ಷಣೆ ಬೇಕಾಗುತ್ತದೆ. ಅದಕ್ಕೆ ಸದಾ ವಿದ್ಯುತ್ತು, ಸದಾ ನೋಡಿಕೊಳ್ಳುವವರು ಬೇಕು. ಅದಿಲ್ಲದಿದ್ದರೆ ಹಾಕಿಸಬೇಡಿ.

ಹೊಸ ಗಾರೆ ಹಳೆ ಕಾಂಕ್ರೀಟನ್ನು ಹಿಡಿದಿದೆಯೇ ಎಂದು ಪ್ರತಿ ಕಂಬದಲ್ಲೂ ಎಳೆದು ಪರೀಕ್ಷಿಸಬೇಕು. 1 ಮೆಗಾಪಾಸ್ಕಲ್‌ಗಿಂತ ಕಡಿಮೆ ಬಂದರೆ ಆ ತೇಪೆ ಕಿತ್ತು ಮತ್ತೆ ಹಾಕಬೇಕು. ವರ್ಷದ ನಂತರ ಇದೇ ಗ್ರಿಡ್‌ನಲ್ಲಿ ಮತ್ತೆ ಅಳೆಯಲು ಗುರುತುಗಳನ್ನು ಉಳಿಸಿದ್ದೇವೆ. ಸಿಲೇನ್ ಹಚ್ಚಿದ ಮೈ ನೀರು ಹೀರುವುದಿಲ್ಲ, ಹಾಗಾಗಿ ಅಳೆಯುವ ಬಿಂದುಗಳಲ್ಲಿ ಅದನ್ನು ಹಚ್ಚದೆ ಬಿಡಿಸಿ. ಆನೋಡ್ ಹತ್ತಿರದ ಓದು ಆಗ ತುಂಬಾ ಋಣಾತ್ಮಕವಾಗಿ ಕಾಣುತ್ತದೆ. ಸತು ಕೆಲಸ ಮಾಡುತ್ತಿದ್ದರೆ ಹಾಗೇ ಇರಬೇಕು. ಅಳೆಯಲು ಬರುವವರಿಗೆ ಈ ವರದಿಯ ಜೊತೆ ಆನೋಡ್‌ಗಳ ನಕ್ಷೆಯನ್ನೂ ಕೊಡಿ.

ಸಮೀಕ್ಷೆ ನಡೆಸಿದ ಸ್ಟ್ರಕ್ಚರಲ್ ಇಂಜಿನಿಯರ್