ಬಿಡ್ ಜೊತೆಗಿನ ಪತ್ರ: ಆರು ಬಲ್ಕ್ ಮಿಲ್ಕ್ ಕೂಲರ್‌ಗಳ ಪಾವತಿ ಹಂತ ಮತ್ತು ರಿಟೆನ್ಷನ್ ವಿವರ

ದಿನಾಂಕ: 17 ನವೆಂಬರ್ 2025
ಸ್ಥಳ: ಪೀಣ್ಯ, ಬೆಂಗಳೂರು

ಗೆ,
ಟೆಂಡರ್ ಮೌಲ್ಯಮಾಪನ ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರು,
ಜಿಲ್ಲಾ ಹಾಲು ಒಕ್ಕೂಟ

ವಿಷಯ: 3,000 ಲೀಟರ್ ಸಾಮರ್ಥ್ಯದ 6 ಬಲ್ಕ್ ಮಿಲ್ಕ್ ಕೂಲರ್ ಪೂರೈಕೆ, ಅಳವಡಿಕೆ ಮತ್ತು 24 ತಿಂಗಳ ಗ್ಯಾರಂಟಿ. ಪಾವಗಡ ತಾಲ್ಲೂಕಿನ 3, ಶಿರಾ ತಾಲ್ಲೂಕಿನ 2, ಮಧುಗಿರಿ ತಾಲ್ಲೂಕಿನ 1 ಹಾಲು ಉತ್ಪಾದಕರ ಸಂಘಕ್ಕೆ.

ಮಾನ್ಯರೇ,

ಈ ಪತ್ರ ತಾಂತ್ರಿಕ ಕವರ್‌ನಲ್ಲಿದೆ. ಅದಕ್ಕೇ ಇದರಲ್ಲಿ ನಮ್ಮ ಬೆಲೆಯ ಒಂದು ರೂಪಾಯಿಯೂ ಕಾಣುವುದಿಲ್ಲ. ಎಲ್ಲವನ್ನೂ ಶೇಕಡಾ ಲೆಕ್ಕದಲ್ಲಿ, ಇಲ್ಲವೇ ಒಂದು ಯಂತ್ರದ ಬೆಲೆ ₹100 ಎಂದುಕೊಂಡು ಬರೆದಿದ್ದೇವೆ. ನಿಜವಾದ ಬೆಲೆ ಹಣಕಾಸು ಕವರ್‌ನಲ್ಲಿ ಮಾತ್ರ ಇದೆ.

ನಿಮ್ಮ ಟೆಂಡರ್ ಪಾವತಿ ವಿಷಯದಲ್ಲಿ ನಾಲ್ಕು ಗೆರೆ ಹಾಕಿದೆ. ಪೂರೈಕೆಗೆ ಮೊದಲು 15% ಮೀರಿ ಹಣ ಇಲ್ಲ, ಅದಕ್ಕೂ ಬ್ಯಾಂಕ್ ಗ್ಯಾರಂಟಿ ಬೇಕು. ಪ್ರತಿ ಬಿಲ್‌ನಿಂದ 10% ರಿಟೆನ್ಷನ್. ಬಿಲ್ ಪಾವತಿಗೆ 45 ದಿನ. ಕೆಲಸ ಮುಗಿಸಲು 120 ದಿನ. ಈ ಗೆರೆಗಳ ಒಳಗೆ ಹಂತಗಳನ್ನು ಬಿಡ್‌ದಾರರೇ ಸೂಚಿಸಬೇಕು ಎಂದಿದ್ದೀರಿ. ನಾಲ್ಕನ್ನೂ ಹಾಗೇ ಒಪ್ಪಿದ್ದೇವೆ. ನಮ್ಮ ಬಿಡ್‌ನಲ್ಲಿ ಯಾವ ಷರತ್ತೂ ಇಲ್ಲ. ಕೊನೆಯ ಕಡೆಗೆ ಒಂದು ಕೋರಿಕೆ ಇದೆ. ಒಪ್ಪದಿದ್ದರೂ ಬಿಡ್ ಹಾಗೇ ನಿಲ್ಲುತ್ತದೆ.

ಹಂತಗಳು

ಪ್ರತಿ ಯಂತ್ರಕ್ಕೂ ಬೇರೆ ಬೇರೆ ಬಿಲ್. ಒಂದು ಊರಿನ ಕೆಲಸ ತಡವಾದರೆ ಇನ್ನೊಂದು ಊರಿನ ಹಣವೂ ಲೆಕ್ಕವೂ ಅದಕ್ಕೆ ಸಿಕ್ಕಿಕೊಳ್ಳಬಾರದು, ಅಲ್ವಾ? ಕೆಳಗಿನ ಅಂಕಿಗಳು ಜಿಎಸ್‌ಟಿ ಬಿಟ್ಟು, ₹100 ಬೆಲೆಯ ಒಂದು ಯಂತ್ರಕ್ಕೆ.

| ಹಂತ | ಏನಾದಾಗ | ಬಿಲ್ | ರಿಟೆನ್ಷನ್ ಕಡಿತ | ಕೈಗೆ ಬರುವುದು |
|---|---|---|---|---|
| 1 | ನಮ್ಮ ಕಾರ್ಖಾನೆಯಲ್ಲಿ ನಿಮ್ಮ ಎಂಜಿನಿಯರ್ ತಪಾಸಣೆ ಮುಗಿದಾಗ | 15.00 | 1.50 | 13.50 |
| 2 | ಯಂತ್ರ ಸಂಘದ ಕಟ್ಟಡದಲ್ಲಿ ಇಳಿದಾಗ | 45.00 | 4.50 | 40.50 |
| 3 | ಅಳವಡಿಸಿ, ನೀರಿನ ಪರೀಕ್ಷೆ ಪಾಸಾದಾಗ | 25.00 | 2.50 | 22.50 |
| 4 | ಹಾಲಿನಲ್ಲಿ 7 ದಿನ ಓಡಿ, ಹಸ್ತಾಂತರವಾದಾಗ | 15.00 | 1.50 | 13.50 |
| | ಒಟ್ಟು | 100.00 | 10.00 | 90.00 |

ಹಸ್ತಾಂತರದ ದಿನ ಯಂತ್ರ ನಿಮ್ಮದು, ನಮ್ಮ ₹10 ಕೂಡ ನಿಮ್ಮ ಬಳಿಯೇ.

ಮೊದಲ ಹಂತದ ಬಿಲ್‌ಗೆ ಪೂರ್ತಿ 15%ರ ಬ್ಯಾಂಕ್ ಗ್ಯಾರಂಟಿ ಕೊಡುತ್ತೇವೆ, ಕೈಗೆ ಬರುವ 13.5%ಕ್ಕೆ ಮಾತ್ರ ಅಲ್ಲ. ಎರಡು ಬ್ಯಾಚ್, ಎರಡು ಗ್ಯಾರಂಟಿ. ಆ ಬ್ಯಾಚಿನ ಕೊನೆಯ ಯಂತ್ರ ಊರು ತಲುಪಿ ನಿಮ್ಮವರು ಸಹಿ ಹಾಕಿದ ಮೇಲಷ್ಟೇ ಗ್ಯಾರಂಟಿ ವಾಪಸ್ ಕೊಟ್ಟರೆ ಸಾಕು.

ಮೊದಲ ಬ್ಯಾಚ್ ಪಾವಗಡದ ಮೂರು ಯಂತ್ರ. ಬಿಸಿಲು ಜಾಸ್ತಿ ಇರುವ ಕಡೆ ಮೊದಲು ಹೋಗೋಣ ಎಂಬುದು ನಮ್ಮ ಲೆಕ್ಕ. ಏನಾದರೂ ತಿದ್ದುವುದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಉಳಿದ ಮೂರರಲ್ಲಿ ಸರಿಮಾಡಿಕೊಂಡು ಬರಬಹುದು. ಖರೀದಿ ಆದೇಶ ಕೈಸೇರಿದ ದಿನದಿಂದ ಎಣಿಸಿದರೆ, ಈ ಬ್ಯಾಚಿನ ಕಾರ್ಖಾನೆ ತಪಾಸಣೆ 35ನೇ ದಿನದೊಳಗೆ, ಪೂರೈಕೆ 45ರೊಳಗೆ, ನೀರಿನ ಪರೀಕ್ಷೆ 60ರೊಳಗೆ. ಶಿರಾ, ಮಧುಗಿರಿ ಬ್ಯಾಚಿಗೆ ಇದೇ ಮೂರೂ 55, 65, 80. ಆರೂ ಯಂತ್ರಗಳ ಹಸ್ತಾಂತರ 90ನೇ ದಿನದೊಳಗೆ. ತಡವಾದರೆ ದಂಡ ನಿಮ್ಮ ಟೆಂಡರಿನಂತೆಯೇ: ತಡವಾದ ಯಂತ್ರದ ಬೆಲೆಯ ಮೇಲೆ ವಾರಕ್ಕೆ 0.5%, ಗರಿಷ್ಠ 10%.

ನೀರಿನ ಪರೀಕ್ಷೆ ಅಂದರೆ ಏನು

25% ಹಣ ಇದರ ಮೇಲೆ ನಿಂತಿದೆ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ನೀವು ಕೇಳಿರುವುದು 2ಬಿII ವರ್ಗದ ಯಂತ್ರ. ಅಂದರೆ ಎರಡು ಹೊತ್ತಿನ ಹಾಲು ಹಿಡಿಯಬೇಕು. ಹೊರಗೆ 32 ಡಿಗ್ರಿ ಇದ್ದಾಗ, ಟ್ಯಾಂಕಿನ ಅರ್ಧದಷ್ಟು, ಅಂದರೆ 1,500 ಲೀಟರ್, 35 ಡಿಗ್ರಿಯಿಂದ 4 ಡಿಗ್ರಿಗೆ 3 ಗಂಟೆಯೊಳಗೆ ಇಳಿಯಬೇಕು. ನಾವು ಮಾಡುವುದು ಇಷ್ಟೇ: 1,500 ಲೀಟರ್ ನೀರು ತುಂಬಿಸಿ, ಬಿಸಿನೀರು ಬೆರೆಸಿ 35 ಡಿಗ್ರಿಗೆ ತಂದು, ಯಂತ್ರ ಶುರು ಮಾಡುತ್ತೇವೆ. ಬೆರೆಸುವ ಕೆಲಸ ಬಿಡುವ ಹಾಗಿಲ್ಲ. ಚಳಿಗಾಲದಲ್ಲಿ ತೊಟ್ಟಿಯ ನೀರು ಮೊದಲೇ ತಣ್ಣಗಿರುತ್ತದೆ, ಅದನ್ನೇ ಸುಮ್ನೆ ತುಂಬಿಸಿದರೆ ಯಾವ ಯಂತ್ರವೂ ಪಾಸಾಗುತ್ತದೆ. ಶುರುವಿನಲ್ಲಿ ಒಂದು, ಆಮೇಲೆ 15 ನಿಮಿಷಕ್ಕೊಂದು, ಒಟ್ಟು 13 ರೀಡಿಂಗ್. ಥರ್ಮಾಮೀಟರ್ ನಿಮ್ಮ ಪ್ರಯೋಗಾಲಯದ್ದು, ನಮ್ಮದಲ್ಲ. ಸಂಘದ ಕಾರ್ಯದರ್ಶಿ, ನಿಮ್ಮ ಎಂಜಿನಿಯರ್, ನಮ್ಮ ಮೆಕ್ಯಾನಿಕ್ ಮೂವರೂ ಅದೇ ಹಾಳೆಗೆ ಸಹಿ ಹಾಕಬೇಕು. ಆ ಒಂದು ಹಾಳೆಯೇ ಮೂರನೇ ಬಿಲ್‌ನ ಆಧಾರ.

ಇನ್ನೊಂದು ಮಾತು. ಜನವರಿ, ಫೆಬ್ರವರಿಯಲ್ಲಿ ಪರೀಕ್ಷೆ ನಡೆದರೆ ಹೊರಗಿನ ಬಿಸಿ 32 ಮುಟ್ಟದೇ ಇರಬಹುದು. ಹಾಗಿದ್ದರೂ ಆ ದಿನ 3 ಗಂಟೆಯೊಳಗೆ 4 ಡಿಗ್ರಿಗೆ ಇಳಿದರೆ ಪಾಸ್ ಎಂದು ಬರೆದು ಬಿಲ್ ಪಾವತಿಸಿ. ಆದರೆ ಅದೇ ಪರೀಕ್ಷೆಯನ್ನು ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನದ ಬಿಸಿಲಲ್ಲಿ, ನಮ್ಮ ಖರ್ಚಿನಲ್ಲಿ ಇನ್ನೊಮ್ಮೆ ಮಾಡಿಕೊಡುತ್ತೇವೆ. ಅದರಲ್ಲಿ ಫೇಲ್ ಆದರೆ, ಸರಿಮಾಡಿ ಮತ್ತೆ ಪಾಸಾಗುವ ತನಕ ಆ ಯಂತ್ರದ ರಿಟೆನ್ಷನ್ ಕೇಳುವುದಿಲ್ಲ.

ನಾಲ್ಕನೇ ಹಂತದ 7 ದಿನ ಎಂದರೆ ಬೆಳಿಗ್ಗೆ, ಸಂಜೆ ಸೇರಿ 14 ಹೊತ್ತು. ಟ್ಯಾಂಕರ್ ಬಂದು ಹಾಲು ಎಳೆಯುವಾಗ ಉಷ್ಣತೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾದ ಹೊತ್ತನ್ನೂ ಪುಸ್ತಕದಲ್ಲಿ ಬರೆಯಿರಿ. ನಮ್ಮ ಯಂತ್ರದ ದೋಷದಿಂದ ಒಂದು ಹೊತ್ತು ತಪ್ಪಿದರೂ ಎಣಿಕೆ ಮತ್ತೆ ಮೊದಲಿಂದ.

ರಿಟೆನ್ಷನ್ ಹೇಗೆ ಬಿಡುಗಡೆ

ಹಿಡಿದಿಟ್ಟ ₹10ರಲ್ಲಿ ₹5 ಹಸ್ತಾಂತರವಾದ 12 ತಿಂಗಳಿಗೆ, ಉಳಿದ ₹5 ಗ್ಯಾರಂಟಿಯ 24 ತಿಂಗಳು ಮುಗಿದಾಗ. ಅರ್ಧ ಹಣವನ್ನು 6 ತಿಂಗಳಿಗೇ ಕೇಳಬಹುದಿತ್ತು. ಕೇಳಿಲ್ಲ, ಯಾಕೆಂದರೆ ಆಗಸ್ಟಿನಲ್ಲಿ ಹಸ್ತಾಂತರವಾದ ಯಂತ್ರ ಬೇಸಿಗೆಯನ್ನೇ ನೋಡದೆ 6 ತಿಂಗಳು ಮುಗಿಸಿಬಿಡುತ್ತದೆ. ಕಂಪ್ರೆಸರ್ ಕೈಕೊಡುವುದು ಬೇಸಿಗೆಯಲ್ಲೇ. 12 ತಿಂಗಳಾದರೆ ಯಾವ ತಿಂಗಳಲ್ಲಿ ಹಸ್ತಾಂತರವಾದರೂ ಒಂದು ಬೇಸಿಗೆಯ ಬಿಸಿ ಕಂಡೇ ಕಾಣುತ್ತದೆ.

ಈ 12 ಮತ್ತು 24 ತಿಂಗಳು ಯಾವ ದಿನದಿಂದ ಶುರು ಎಂಬುದು ಮುಖ್ಯ. ಕೆಲವು ವರ್ಷದ ಹಿಂದೆ ಇನ್ನೊಂದು ಕಡೆ ಇಂಥದೇ ಕೆಲಸ ಮಾಡಿದ್ದೆವು. ಹಸ್ತಾಂತರ ಪತ್ರದಲ್ಲಿ ಎಲ್ಲರ ಸಹಿಯೂ ಇತ್ತು, ದಿನಾಂಕ ಮಾತ್ರ ಇರಲಿಲ್ಲ. ಲೆಕ್ಕಪತ್ರ ವಿಭಾಗದವರು ಕೊನೆಯ ಬಿಲ್‌ನ ದಿನಾಂಕ ಹಿಡಿದರು, ನಾವು ಮೊದಲ ಹಾಲಿನ ದಿನ ಹಿಡಿದೆವು. ಆ ಜಗಳ ಬಗೆಹರಿಯಲು 14 ತಿಂಗಳು ಬೇಕಾಯಿತು. ತಪ್ಪು ನಮ್ಮದೂ ಹೌದು, ಪತ್ರ ಬರೆದವರು ನಾವೇ. ಹಾಗಾಗಿ ಈ ಬಾರಿ ಮೊದಲೇ ಹೇಳುತ್ತೇವೆ: 14ನೇ ಹೊತ್ತಿನ ಹಾಲು ಟ್ಯಾಂಕರ್‌ಗೆ ಏರಿದ ದಿನವೇ ಹಸ್ತಾಂತರದ ದಿನ. ಅದನ್ನು ಪತ್ರದಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೇವೆ. ಆರು ಯಂತ್ರಕ್ಕೆ ಆರು ದಿನಾಂಕ, ಆರು ಲೆಕ್ಕ.

ಗ್ಯಾರಂಟಿ ಅವಧಿಯಲ್ಲಿ ಯಂತ್ರ ಕೆಟ್ಟರೆ ದೂರು ಬಂದ 24 ಗಂಟೆಯೊಳಗೆ ನಮ್ಮ ಮೆಕ್ಯಾನಿಕ್ ಸ್ಥಳದಲ್ಲಿರುತ್ತಾರೆ. ಬಾರದಿದ್ದರೆ ಬೇರೆಯವರಿಂದ ರಿಪೇರಿ ಮಾಡಿಸಿ, ಆ ಬಿಲ್ ಮೊತ್ತವನ್ನು ಅದೇ ಯಂತ್ರದ ರಿಟೆನ್ಷನ್‌ನಲ್ಲಿ ಮುರಿದುಕೊಳ್ಳಿ. ಬಿಲ್‌ನ ಒಂದು ನಕಲು ಕೊಟ್ಟರೆ ಸಾಕು, ನಮ್ಮ ಒಪ್ಪಿಗೆಗೆ ಕಾಯಬೇಡಿ. ರಿಟೆನ್ಷನ್ ಹಣಕ್ಕೆ ಬಡ್ಡಿ ಕೇಳುವುದಿಲ್ಲ.

ಮೌಲ್ಯಮಾಪನದಲ್ಲಿ ಆಗಾಗ ಗೊಂದಲ ಆಗುವ ಜಾಗ ಒಂದಿದೆ. ಟೆಂಡರ್ ಕೇಳಿರುವ 5% ಕಾರ್ಯಕ್ಷಮತಾ ಭದ್ರತೆ ಬೇರೆ, ಈ 10% ರಿಟೆನ್ಷನ್ ಬೇರೆ. ಎರಡನ್ನೂ ಕೊಡುತ್ತೇವೆ. ಭದ್ರತೆಯನ್ನು ಬ್ಯಾಂಕ್ ಗ್ಯಾರಂಟಿ ರೂಪದಲ್ಲಿ, ಕೊನೆಯ ಯಂತ್ರದ 24 ತಿಂಗಳು ಮುಗಿದು ಇನ್ನೂ 60 ದಿನ ಚಾಲ್ತಿಯಲ್ಲಿ ಇರುವಂತೆ ಕೊಡುತ್ತೇವೆ.

ತೆರಿಗೆ, ಬಿಲ್, ದಿನಗಳು

ಮೊದಲ ಹಂತದ ಹಣ ಮುಂಗಡ, ಅದಕ್ಕೆ ರಸೀದಿ ವೋಚರ್ ಕೊಡುತ್ತೇವೆ. ಯಂತ್ರ ಕಾರ್ಖಾನೆ ಬಿಡುವ ದಿನ ಪೂರ್ತಿ ಬೆಲೆಯ ತೆರಿಗೆ ಇನ್‌ವಾಯ್ಸ್ ಆಗುತ್ತದೆ. ಹಾಗಾಗಿ ಆ ಯಂತ್ರದ ಜಿಎಸ್‌ಟಿ ಪೂರ್ತಿಯಾಗಿ ಎರಡನೇ ಹಂತದ ಬಿಲ್ ಜೊತೆ ಬರುತ್ತದೆ. ಅದನ್ನು ಹಂತಕ್ಕೆ ಇಷ್ಟು ಎಂದು ಹಂಚಿಲ್ಲ. ರಿಟೆನ್ಷನ್ ಮೂಲ ಬೆಲೆಯ ಮೇಲೆ ಮಾತ್ರ, ಜಿಎಸ್‌ಟಿ ಮೇಲೆ ಇಲ್ಲ. ಆದಾಯ ತೆರಿಗೆ ಟಿಡಿಎಸ್, ಅನ್ವಯವಾದರೆ ಜಿಎಸ್‌ಟಿ ಟಿಡಿಎಸ್, ಕಾನೂನಿನಂತೆ ಕಡಿತ ಮಾಡಿ. ಪ್ರಮಾಣಪತ್ರ ಸಮಯಕ್ಕೆ ಸಿಕ್ಕರೆ ನಮಗೆ ಅಷ್ಟೇ ಸಾಕು.

ನಾವು ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯೂ ಒಪ್ಪಂದದ ಪಾವತಿ ಅವಧಿ 45 ದಿನ ಮೀರಬಾರದು ಎನ್ನುತ್ತದೆ, ನಿಮ್ಮ ಟೆಂಡರೂ ಅಷ್ಟೇ ಹೇಳುತ್ತದೆ. ನಮ್ಮ ಬೆಲೆ 45 ದಿನದ ಲೆಕ್ಕದಲ್ಲೇ ಇದೆ. ಬೇಗ ಪಾವತಿಗೆ ರಿಯಾಯಿತಿ ಎಂದು ಏನೂ ಕೊಟ್ಟಿಲ್ಲ. ಕೊಟ್ಟರೆ ಬಿಡ್‌ಗಳನ್ನು ಹೋಲಿಸುವಾಗ ನಿಮಗೇ ತಲೆನೋವು. ಬಿಲ್‌ನಲ್ಲಿ ಆಕ್ಷೇಪ ಇದ್ದರೆ ಎಲ್ಲವನ್ನೂ ಒಟ್ಟಿಗೆ ತಿಳಿಸಿದರೆ ಒಂದೇ ಸಲ ತಿದ್ದಿ ತರುತ್ತೇವೆ.

ಒಂದು ಕೋರಿಕೆ

ಟೆಂಡರ್ ಪ್ರಕಾರ ಕಟ್ಟಡ, ನೆಲದ ಕಾಂಕ್ರೀಟ್ ಮತ್ತು ತ್ರೀ ಫೇಸ್ ಸಂಪರ್ಕ ಸಂಘದ ಹೊಣೆ. ಅಕ್ಟೋಬರ್‌ನಲ್ಲಿ ಆರೂ ಕಡೆ ಹೋಗಿ ನೋಡಿ ಬಂದಿದ್ದೇವೆ. ನಾಲ್ಕು ಕಡೆ ಎಲ್ಲ ತಯಾರಿದೆ. ಪಾವಗಡ ತಾಲ್ಲೂಕಿನ ಒಂದು ಸಂಘದಲ್ಲಿ ಬೆಸ್ಕಾಂ ಮೀಟರ್ ಇನ್ನೂ ಬಂದಿರಲಿಲ್ಲ. ಶಿರಾದ ಒಂದು ಕಡೆ ಬಾಗಿಲಿನ ಅಗಲ ಟ್ಯಾಂಕ್ ಒಳಗೆ ಹೋಗುವಷ್ಟು ಇಲ್ಲ, ಒಂದು ಪಕ್ಕದ ಗೋಡೆ ಸ್ವಲ್ಪ ಒಡೆಯಬೇಕು. ಫೋಟೊಗಳು ತಾಂತ್ರಿಕ ಕವರ್‌ನಲ್ಲಿವೆ.

ಇಂಥ ಕಾರಣಕ್ಕೆ ಯಂತ್ರ ಇಳಿದ ಮೇಲೆ ಅಳವಡಿಕೆ ನಿಂತರೆ, ನಿಂತ ದಿನಗಳನ್ನು ನಮ್ಮ ದಂಡದ ಎಣಿಕೆಯಿಂದ ಬಿಡಬೇಕೆಂದು ಕೇಳಿಕೊಳ್ಳುತ್ತೇವೆ. ಕಾವಲು, ಬಾಡಿಗೆ ಎಂದು ಏನೂ ಕೇಳುವುದಿಲ್ಲ. ಮೂರನೇ ಹಂತದ ಹಣವನ್ನೂ ಪರೀಕ್ಷೆಗೆ ಮೊದಲು ಕೇಳುವುದಿಲ್ಲ.

ಬಿಡ್ ತೆರೆದ ದಿನದಿಂದ 90 ದಿನ ಈ ಪತ್ರದ ಪ್ರತಿ ಮಾತಿಗೂ ನಾವು ಬದ್ಧ. ಸ್ಪಷ್ಟನೆ ಬೇಕಿದ್ದರೆ ಪೋರ್ಟಲ್ ಮೂಲಕವೇ ಕೇಳಿ. ಮರುದಿನ ಸಂಜೆಯೊಳಗೆ ಉತ್ತರ ಅಲ್ಲೇ ಇರುತ್ತದೆ.

ಇತಿ ತಮ್ಮ ವಿಶ್ವಾಸಿ,

ಮಾಲೀಕರು ಮತ್ತು ಅಧಿಕೃತ ಸಹಿದಾರರು,
ಬಿಡ್‌ದಾರ ಸಂಸ್ಥೆ, ಪೀಣ್ಯ, ಬೆಂಗಳೂರು

ಲಗತ್ತು: ನೀರಿನ ಪರೀಕ್ಷೆಯ 13 ರೀಡಿಂಗ್ ಹಾಳೆಯ ಮಾದರಿ, ಹಸ್ತಾಂತರ ಪತ್ರದ ಮಾದರಿ, ಉದ್ಯಮ್ ನೋಂದಣಿ ಪ್ರತಿ, ಆರು ಸ್ಥಳಗಳ ಫೋಟೊ.