ವಸುಧಕ್ಕನನ್ನು ವೇದಿಕೆಗೆ ಕರೆಯುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಬೆಳಗ್ಗೆಯಿಂದ ಮಳೆ ಒಂದು ಗಳಿಗೆಯೂ ಬಿಟ್ಟಿಲ್ಲ. ಆದರೂ ಸಾಗರ, ಭದ್ರಾವತಿ, ಹೊಸನಗರದಿಂದ ಬಸ್ಸು ಹಿಡಿದು ಬಂದಿದ್ದೀರಿ. ತುಂಬಾ ಸಂತೋಷ. ಹಿಂದೆ ನಿಂತಿರುವ ಕಾಲೇಜು ಹುಡುಗ ಹುಡುಗಿಯರು ಮುಂದೆ ಬನ್ನಿ, ಈ ಕಡೆ ನಾಲ್ಕೈದು ಕುರ್ಚಿ ಖಾಲಿ ಇವೆ. ಛತ್ರಿಗಳನ್ನು ಬಾಗಿಲ ಹತ್ತಿರದ ಬಕೆಟ್‌ನಲ್ಲಿ ಇಡಿ, ನೆಲ ಜಾರುತ್ತಿದೆ.

ಶಿವಮೊಗ್ಗದ ನಾವು ಸಾಫ್ಟ್‌ವೇರ್ ಕೆಲಸದವರು ತಿಂಗಳಿಗೊಮ್ಮೆ ಹೀಗೆ ಸೇರುತ್ತೇವೆ. ಹೆಚ್ಚಿನ ಸಲ ನಮ್ಮಲ್ಲೇ ಒಬ್ಬರು ಮಾತಾಡುತ್ತಾರೆ. ಈ ಸಲ ಹೊರಗಿನಿಂದ ಒಬ್ಬರನ್ನು ಕರೆದಿದ್ದೇವೆ. ಹೊರಗಿನಿಂದ ಅಂದರೆ ದೂರದಿಂದಲ್ಲ. ಇವರ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಹೆಸರು ವಸುಧಾ. ಸಭೆಯಲ್ಲಿ ಮೇಡಂ ಅನ್ನಬೇಕು ಅಂತ ಮನೆಯಿಂದ ಅಂದುಕೊಂಡೇ ಬಂದೆ. ಆದರೆ ಆರು ವರ್ಷದಿಂದ ವಸುಧಕ್ಕ ಅಂತಲೇ ಕರೆದು ರೂಢಿ. ಇವತ್ತೂ ಹಾಗೇ ಕರೆಯುತ್ತೇನೆ.

ಇವರು ಇಂಜಿನಿಯರಿಂಗ್ ಓದಿದ್ದು ಇದೇ ಊರಿನಲ್ಲಿ. ಆಮೇಲೆ ಬೆಂಗಳೂರಿನಲ್ಲಿ ಹನ್ನೊಂದು ವರ್ಷ, ಹಣ ಪಾವತಿ ಮಾಡುವ ಸಾಫ್ಟ್‌ವೇರ್‌ನ ಸರ್ವರ್ ಕಡೆಯ ಕೆಲಸ. ಈಗ ತೀರ್ಥಹಳ್ಳಿಯಲ್ಲೇ ಇದ್ದು ಕೆಲಸ ಮಾಡುತ್ತಾರೆ. ಡಿಗ್ರಿ, ಹುದ್ದೆಗಳ ವಿವರ ಆಮಂತ್ರಣದಲ್ಲೇ ಇದೆ. ಅದನ್ನು ಮತ್ತೆ ಓದುವುದಿಲ್ಲ. ಇವರನ್ನೇ ಯಾಕೆ ಕರೆದೆವು ಅನ್ನುವುದನ್ನು ಹೇಳಬೇಕು. ಅದಕ್ಕೆ ನನ್ನದೇ ಒಂದು ಕಥೆ ಹೇಳುತ್ತೇನೆ.

ಆರು ವರ್ಷದ ಹಿಂದೆ ನಾನೊಂದು ಸಹಕಾರ ಸಂಘಕ್ಕೆ ಅಡಿಕೆ ಖರೀದಿಯ ಆ್ಯಪ್ ಮಾಡಿಕೊಟ್ಟಿದ್ದೆ. ರೈತರು ಮೂಟೆ ತರುತ್ತಾರೆ, ತೂಕ ಆಗುತ್ತದೆ, ಅಡಿಕೆ ಯಾವ ಬಗೆಯದು, ರಾಶಿಯೋ ಬೆಟ್ಟೆಯೋ ಗೊರಬಲೋ ಅಂತ ನೋಡಿ ಗುಮಾಸ್ತರು ಫೋನಿನಲ್ಲಿ ನಮೂದಿಸುತ್ತಾರೆ. ಶಿವಮೊಗ್ಗದಲ್ಲಿ ಕೂತು ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇತ್ತು. ಸಂಘದ ಗೋದಾಮಿನಲ್ಲಿ ಸರಿ ಇರಲಿಲ್ಲ. ಅಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಬಂತು. ಒಬ್ಬ ರೈತರ ಹದಿನಾಲ್ಕು ಮೂಟೆ ಲೆಕ್ಕದಲ್ಲಿ ಇಪ್ಪತ್ತೆಂಟಾಯಿತು. ಇನ್ನೂ ಕೆಲವರದ್ದು ಹಾಗೇ ಆಯಿತು. ಗುಮಾಸ್ತರು ಎರಡು ರಾತ್ರಿ ನಿದ್ದೆಗೆಟ್ಟು, ಕಾಗದದ ಚೀಟಿಗಳನ್ನು ಹರಡಿಕೊಂಡು ಒಂದೊಂದೇ ತಾಳೆ ನೋಡಿದರು. ಅವರ ಮುಖ ನನಗೆ ಈಗಲೂ ನೆನಪಿದೆ. ತಪ್ಪು ನನ್ನದು, ಬಯ್ಗುಳ ಅವರಿಗೆ.

ಪರಿಚಯದವರೊಬ್ಬರು ವಸುಧಕ್ಕನ ನಂಬರ್ ಕೊಟ್ಟರು. ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಅವರು ಕೋಡ್ ಕೇಳಲೇ ಇಲ್ಲ.

"ತೂಕದ ಚೀಟಿಗೆ ನಂಬರ್ ಯಾವಾಗ ಬೀಳುತ್ತೆ ಮಾರಾಯ?" ಅಂದರು.

"ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತೆ ಅಕ್ಕ."

"ನಿನ್ನ ಆ್ಯಪ್‌ನಲ್ಲಿ?"

"ಸರ್ವರ್‌ಗೆ ಹೋದ ಮೇಲೆ ಸರ್ವರ್ ಕೊಡುತ್ತೆ."

"ಅಲ್ಲೇ ನೋಡು ತಪ್ಪಿರೋದು."

ಇಲ್ಲಿರುವ ಹೊಸಬರಿಗಾಗಿ ಬಿಡಿಸಿ ಹೇಳುತ್ತೇನೆ. ಫೋನ್ ಕಳಿಸಿದ ನಮೂದು ಸರ್ವರ್‌ಗೆ ತಲುಪಿತ್ತು. ಸರ್ವರ್ ಅದನ್ನು ಬರೆದುಕೊಂಡೂ ಇತ್ತು. "ಬಂತು" ಅನ್ನುವ ಉತ್ತರ ಮಾತ್ರ ವಾಪಸ್ ಬರುವ ದಾರಿಯಲ್ಲಿ ಕಳೆದುಹೋಯಿತು. ಹೋಗಿಲ್ಲ ಅಂದುಕೊಂಡು ಫೋನ್ ಮತ್ತೆ ಕಳಿಸಿತು. ಸರ್ವರ್‌ಗೆ ಅದು ಹೊಸ ನಮೂದು, ಹೊಸ ನಂಬರ್. ಫೋನಿನಲ್ಲೇ, ಸೇವ್ ಒತ್ತಿದ ಕ್ಷಣದಲ್ಲೇ, ಬೇರೆ ಯಾವುದಕ್ಕೂ ಹೊಂದದ ಒಂದು ಗುರುತಿನ ಸಂಖ್ಯೆ ಕೊಟ್ಟುಬಿಟ್ಟರೆ ಈ ತೊಂದರೆಯೇ ಇಲ್ಲ. ಅದೇ ಸಂಖ್ಯೆ ಎರಡನೇ ಸಲ ಬಂದರೆ "ಇದು ಆಗಲೇ ಬಂದಿದೆ" ಅಂತ ಸರ್ವರ್ ಸುಮ್ನೆ ಒಪ್ಪಿಕೊಳ್ಳುತ್ತದೆ. ಇದಕ್ಕೆ ಐಡೆಂಪೊಟೆನ್ಸಿ ಅನ್ನುವ ದೊಡ್ಡ ಹೆಸರಿದೆ. ನಾನು ಆ ಹೆಸರನ್ನು ಓದಿದ್ದೆ. ಆದರೆ ಅದು ಗುಮಾಸ್ತರ ಚೀಟಿ ಪುಸ್ತಕದಲ್ಲೇ ಇದೆ ಅಂತ ಹೊಳೆದದ್ದು ಆವತ್ತು.

ಅಲ್ಲಿಂದಾಚೆಗೆ ವಸುಧಕ್ಕ ಏನು ಮಾಡುತ್ತಿದ್ದಾರೆ ಅಂತ ಗಮನಿಸುತ್ತಲೇ ಬಂದಿದ್ದೇನೆ. ಕಳೆದ ನಾಲ್ಕು ಬೇಸಿಗೆಯಿಂದ ಇವರು ಒಂದು ಸಣ್ಣ ತಂಡದ ಜೊತೆ ಸೇರಿ ಮಂಗನ ಕಾಯಿಲೆಯ ಸಮೀಕ್ಷೆಗೆ ಆ್ಯಪ್ ಮಾಡಿದ್ದಾರೆ, ಅದನ್ನು ತಿದ್ದುತ್ತಾ ಇದ್ದಾರೆ. ಈ ಕಾಯಿಲೆ ಬಗ್ಗೆ ನಮ್ಮ ಜಿಲ್ಲೆಯವರಿಗೆ ಜಾಸ್ತಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಮೊದಲು ಗುರುತಿಸಿದರು. ಕಾಡಿನ ಹೆಸರೇ ಕಾಯಿಲೆಗೂ ಬಂತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಹರಡಿದಾಗ ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. ಉಣುಗು ಕಚ್ಚಿ ಹರಡುವ ಕಾಯಿಲೆ ಇದು. ಎಲ್ಲಿ ಮಂಗ ಸತ್ತಿದೆ ಅನ್ನುವ ಸುದ್ದಿ ಬೇಗ ತಿಳಿದರೆ ಆ ಜಾಗದ ಸುತ್ತ ಎಚ್ಚರ ವಹಿಸಬಹುದು. ತಡವಾದರೆ ದರಗು ತರಲು ಹೋದವರಿಗೆ, ಸೌದೆಗೆ ಹೋದವರಿಗೆ ಜ್ವರ ಬರುತ್ತದೆ. ಅಂದರೆ ಇಲ್ಲಿ ಒಂದು ನಮೂದು ಕಳೆದುಹೋದರೆ ಅದು ಬರೀ ಲೆಕ್ಕದ ತಪ್ಪಲ್ಲ.

ಮಂಗ ಸಾಯುವುದು ಕಾಡಿನಲ್ಲಿ. ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ.

ಮೊದಲ ವರ್ಷ ವಸುಧಕ್ಕ ಆರೋಗ್ಯ ಕಾರ್ಯಕರ್ತೆಯರ ಜೊತೆ ಮನೆಮನೆಗೆ ನಡೆದರು. ಒಂದು ದಿನ ಎರಡು ದಿನ ಅಲ್ಲ, ಮೂರು ವಾರ. ಆಗ ಒಂದು ವಿಷಯ ಕಂಡಿತು. ಹೆಂಗಸರು ಫೋನ್ ತೆಗೆಯುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡು, ರಾತ್ರಿ ಮನೆಗೆ ಹೋಗಿ, ಅಡುಗೆ ಮುಗಿಸಿ, ಆಮೇಲೆ ಫೋನಿಗೆ ತುಂಬುತ್ತಿದ್ದರು. ಯಾಕೆ ಅಂತ ಕೇಳಿದರೆ ಒಬ್ಬರು ಹೇಳಿದರಂತೆ: "ಅದು ಅಲ್ಲಿ ಬಾಗಿಲೇ ತೆಗೆಯಲ್ಲ ಅಕ್ಕ." ಆ್ಯಪ್ ತೆರೆದ ಕೂಡಲೇ ಲಾಗಿನ್ ಕೇಳುತ್ತಿತ್ತು. ಲಾಗಿನ್‌ಗೆ ನೆಟ್‌ವರ್ಕ್ ಬೇಕಿತ್ತು. ಅಷ್ಟೇ.

ವಸುಧಕ್ಕ ವಾಪಸ್ ಬಂದು ಆ್ಯಪನ್ನು ಬುಡದಿಂದ ಬರೆದರು. ಏನೇ ತುಂಬಿದರೂ ಮೊದಲು ಫೋನಿನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಹೋಗುತ್ತದೆ. ಸಿಗ್ನಲ್ ಸಿಕ್ಕಾಗ ಸರದಿಯಲ್ಲಿ ಒಂದೊಂದೇ ಮೇಲೆ ಹೋಗುತ್ತದೆ. ಬರಹ ಮೊದಲು, ಫೋಟೋ ಆಮೇಲೆ. ಮುಂಚೆ ಒಂದು ನಾಲ್ಕು ಎಂಬಿ ಫೋಟೋ ದಾರಿಗೆ ಅಡ್ಡ ಕೂತರೆ ಅದರ ಹಿಂದಿನ ಇಪ್ಪತ್ತು ಮನೆಯ ವಿವರ ಅಲ್ಲೇ ನಿಲ್ಲುತ್ತಿತ್ತು. ನನ್ನನ್ನು ಕೇಳಿದರೆ ಇವರ ಇಡೀ ಕೆಲಸದಲ್ಲಿ ಅತಿ ಜಾಣತನದ ಬದಲಾವಣೆ ಇದೇ. ಇದಕ್ಕೆ ಬೇಕಾದದ್ದು ಕೆಲವೇ ಸಾಲು ಕೋಡ್. ಆದರೆ ಆ ಸಾಲುಗಳು ಕಾಣಬೇಕಾದರೆ ಅಷ್ಟು ನಡೆಯಬೇಕಾಯಿತು.

ಇನ್ನೊಂದು ವಿಷಯ ಇದೆ. ಅದನ್ನು ಇವತ್ತು ಅವರ ಬಾಯಲ್ಲೇ ಕೇಳಬೇಕು ಅಂತ ನನಗೆ ಆಸೆ. ಒಂದೇ ಮನೆಯ ವಿವರವನ್ನು ಇಬ್ಬರು ಬೇರೆ ಬೇರೆ ಫೋನಿನಲ್ಲಿ, ನೆಟ್‌ವರ್ಕ್ ಇಲ್ಲದಾಗ ತಿದ್ದಿದರೆ ಯಾರದ್ದು ಉಳಿಯಬೇಕು? ನಮ್ಮಲ್ಲಿ ಹೆಚ್ಚಿನವರು ಕೊನೆಗೆ ತಿದ್ದಿದವರದ್ದು ಅಂತೇವೆ. ಆದರೆ ಕೊನೆಗೆ ಅಂತ ಹೇಳುವುದು ಯಾರು? ಫೋನಿನ ಗಡಿಯಾರ. ಬ್ಯಾಟರಿ ಪೂರ್ತಿ ಮುಗಿದು ಮತ್ತೆ ಹೊತ್ತಿಕೊಂಡ ಒಂದು ಫೋನ್ ತಾರೀಕನ್ನು 1970ರ ಜನವರಿ 1 ಅಂತ ತೋರಿಸುತ್ತಿತ್ತು. ಆ ದಿನ ಅದರಲ್ಲಿ ತುಂಬಿದ್ದೆಲ್ಲ ಹಳೆಯದು ಅಂತ ಸರ್ವರ್ ಬದಿಗೆ ಸರಿಸಿತು. ಗಡಿಯಾರ ನಂಬದೆಯೇ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಗೆ ಹೇಳುವುದು ಅನ್ನುವುದನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬರೆದಿದ್ದರು. ಅದನ್ನು ಓದಿದವರು ಇಲ್ಲಿ ಇದ್ದೀರಿ. ಪರೀಕ್ಷೆಗೆ ಓದಿದ್ದು ಕವಲೇದುರ್ಗದ ಆಚೆಯ ಒಂದು ಮನೆಯ ಜಗಲಿಯಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಅಲ್ವಾ?

ವಸುಧಕ್ಕ ಪ್ರತಿ ದಾಖಲೆಗೂ ಆವೃತ್ತಿಯ ಸಂಖ್ಯೆ ಇಟ್ಟರು. ಇಬ್ಬರೂ ಮೂರನೇ ಆವೃತ್ತಿಯನ್ನೇ ನೋಡಿ ತಿದ್ದಿದ್ದರೆ ಸರ್ವರ್‌ಗೆ ಗೊತ್ತಾಗುತ್ತದೆ. ಆಗ ಅದು ತಾನೇ ಒಂದನ್ನು ಆರಿಸಿ ಇನ್ನೊಂದನ್ನು ಅಳಿಸುವುದಿಲ್ಲ. ಎರಡನ್ನೂ ಇಟ್ಟುಕೊಂಡು, ಆ ಮನೆಗೆ ಹೋದವರನ್ನೇ ಕೇಳುತ್ತದೆ. ಮನೆಯ ಮುಂದೆ ನಿಂತು ಕಣ್ಣಾರೆ ನೋಡಿದವರ ಮಾತನ್ನು ಯಂತ್ರ ಅಳಿಸಬಾರದು ಅನ್ನುವುದು ಇವರ ಹಟ. ನನಗೂ ಅದು ಸರಿ ಅನಿಸುತ್ತದೆ.

ನಮ್ಮ ಸಭೆಗೆ ಇವರೇ ಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಒಂದು ಕಾರಣ ಇದೆ. ನಾವು ಓದುವ ಪಾಠಗಳಲ್ಲಿ ನೆಟ್‌ವರ್ಕ್ ಯಾವಾಗಲೂ ಇರುತ್ತದೆ. ಅದು ಹೋದರೆ ಒಂದು ಕೆಂಪು ಪಟ್ಟಿ ತೋರಿಸಿ ಕೈ ತೊಳೆದುಕೊಳ್ಳುತ್ತೇವೆ. ಮಲೆನಾಡಿನಲ್ಲಿ ಬೆಳೆದವರಿಗೆ ಅದರ ಉಲ್ಟಾ ಗೊತ್ತು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ನಾಲ್ಕು ದಿನ ಬರುವುದಿಲ್ಲ. ಟವರ್‌ನ ಬ್ಯಾಟರಿ ಅದಕ್ಕೂ ಮೊದಲೇ ಮುಗಿಯುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಕ್ಕಳು ಗುಡ್ಡ ಹತ್ತಿ, ಛತ್ರಿ ಹಿಡಿದು ಕ್ಲಾಸ್ ಕೇಳಿದರು. ಸಿಗಂದೂರಿನ ಸೇತುವೆ 2025ರ ಜುಲೈನಲ್ಲಿ ತೆರೆಯುವ ತನಕ ತುಮರಿ ಕಡೆಯವರು ಶರಾವತಿ ಹಿನ್ನೀರು ದಾಟಿಸುವ ಲಾಂಚ್‌ಗಾಗಿ ಕಾಯುತ್ತಾ ಇಡೀ ಬದುಕನ್ನೇ ಅದಕ್ಕೆ ಹೊಂದಿಸಿಕೊಂಡಿದ್ದರು. ಲಾಂಚ್ ಬಂದಾಗ ಹೋಗಬೇಕು, ಬರುವ ತನಕ ಸಾಮಾನು ಜೋಪಾನವಾಗಿರಬೇಕು. ವಸುಧಕ್ಕನ ಸರದಿಯ ಕೋಡ್ ಓದುವಾಗ ನನಗೆ ಆ ದಡವೇ ಕಣ್ಣಿಗೆ ಬಂತು.

ಇವತ್ತಿನ ಮಾತಿನ ವಿಷಯ "ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ಆ್ಯಪ್". ಮುಕ್ಕಾಲು ಗಂಟೆ ಮಾತು, ಆಮೇಲೆ ಅರ್ಧ ಗಂಟೆ ಪ್ರಶ್ನೆ. ಮಧ್ಯದಲ್ಲಿ ಎರಡು ಫೋನುಗಳನ್ನು ಫ್ಲೈಟ್ ಮೋಡ್‌ಗೆ ಹಾಕಿ, ಒಂದೇ ಮನೆಯನ್ನು ಎರಡರಲ್ಲೂ ತಿದ್ದಿ ತೋರಿಸುತ್ತಾರೆ. ಆ ಫೋನ್ ಹಿಡಿದು ತಿದ್ದಲು ಸಭೆಯಿಂದ ಇಬ್ಬರು ಬೇಕು, ಈಗಲೇ ಮನಸ್ಸು ಮಾಡಿಕೊಂಡಿರಿ. ಕರೆಂಟ್ ಹೋದರೆ ಪರದೆಗೆ ಯುಪಿಎಸ್ ಇದೆ. ಅದೂ ಮುಗಿದರೆ ಬೋರ್ಡು, ಸೀಮೆಸುಣ್ಣ ತಂದಿಟ್ಟಿದ್ದೇವೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ಎದ್ದು ಕೇಳಲು ಮುಜುಗರ ಅನಿಸುವವರಿಗೆ ಚೀಟಿ, ಪೆನ್ನು ಹಂಚುತ್ತೇವೆ.

ಒಂದು ಮಾತು ಬಾಕಿ ಇದೆ. ನಾನು ಹೇಳಿದ ಆ ಗುಮಾಸ್ತರು ಇವತ್ತು ಇಲ್ಲಿಗೆ ಬಂದಿದ್ದಾರೆ, ಕಿಟಕಿ ಪಕ್ಕ ಕೂತಿದ್ದಾರೆ. ನಾನೇ ಕರೆದೆ. ಹಳೆಯ ಚೀಟಿ ಪುಸ್ತಕ ಒಂದನ್ನು ಜೊತೆಗೆ ತಂದಿದ್ದಾರೆ, ವಸುಧಕ್ಕನಿಗೆ ಕೊಡಬೇಕಂತೆ. ಹೂವಿನ ಹಾರದ ಬದಲು ಇವತ್ತಿನ ಸ್ವಾಗತ ಅದರಲ್ಲೇ ಆಗಲಿ. ಸರ್, ದಯವಿಟ್ಟು ಮುಂದೆ ಬನ್ನಿ.

ವಸುಧಕ್ಕ, ನೀವೂ ಬನ್ನಿ. ಎಲ್ಲರೂ ನಿಮ್ಮ ಮಾತಿಗೆ ಕಾಯುತ್ತಿದ್ದೇವೆ.