ಮೆಸ್ಸಿನ ಅಡುಗೆಯವರಿಗೆ, ಹೊರಡುವ ಮುನ್ನ

ಅಡುಗೆ ಭಟ್ಟರಿಗೆ, ಮುದ್ದೆ ತಿರುವುವ ಅಣ್ಣನಿಗೆ, ಬೆಳಗಿನ ತಿಂಡಿಯ ಅಕ್ಕನಿಗೆ, ತರಕಾರಿ ಹೆಚ್ಚಿ ಪಾತ್ರೆ ತೊಳೆಯುವ ಅಮ್ಮಂದಿರಿಗೆ ನಮಸ್ಕಾರಗಳು.

ನಾಲ್ಕು ವರ್ಷದ ಊಟ ಈ ಶನಿವಾರಕ್ಕೆ ಮುಗಿಯುತ್ತದೆ. ‘ಊಟ ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಹೋದರೆ ನೀವು ಪಟ್ಟ ಪಾಡಿಗೆ ಸಾಲದು. ಏನು ಚೆನ್ನಾಗಿತ್ತು, ಹೇಗೆ ಚೆನ್ನಾಗಾಯಿತು ಎಂಬುದನ್ನೂ ಹೇಳಬೇಕು ಅನಿಸಿತು. ಹನ್ನೆರಡೂವರೆಗೆ ಮೊದಲು ಬಂದವರ ತಟ್ಟೆಗೂ ಲ್ಯಾಬ್ ಮುಗಿಸಿ ಎರಡೂವರೆಗೆ ಓಡಿಬರುವವರ ತಟ್ಟೆಗೂ ನಿಮ್ಮಲ್ಲಿ ಭೇದವಿರಲಿಲ್ಲ. 180 ಜನರ ಅಡುಗೆಯಲ್ಲಿ ಅದು ತಾನಾಗಿ ಆಗುವ ಮಾತಲ್ಲ.

ಸೋಮವಾರದ ಬಿಸಿಬೇಳೆಬಾತನ್ನೇ ತೆಗೆದುಕೊಳ್ಳಿ. ಅನ್ನ, ಬೇಳೆ ಎರಡೂ ಕೂತಷ್ಟು ಹೊತ್ತು ನೀರು ಹೀರುತ್ತಲೇ ಇರುತ್ತವೆ. ಒಲೆಯಿಂದ ಇಳಿಸುವಾಗ ಹದವಾಗಿ ಕಂಡದ್ದು ಒಂದು ಗಂಟೆಯಲ್ಲಿ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಭಟ್ಟರು ಅದನ್ನು ಸಡಿಲವಾಗಿಯೇ ಇಳಿಸಿ, ಪಕ್ಕದ ಒಲೆಯಲ್ಲಿ ಉಪ್ಪು, ಹುಣಸೆರಸ, ಚಿಟಿಕೆ ಪುಡಿ ಬೆರೆಸಿದ ಬಿಸಿನೀರು ಇಟ್ಟುಕೊಂಡಿರುತ್ತಿದ್ದರು. ಅರ್ಧ ಗಂಟೆಗೊಮ್ಮೆ ಎರಡು ಸೌಟು ಹಾಕಿ ಅಡಿಯಿಂದ ಮಗುಚುವುದು. ಬರೀ ನೀರು ಹೊಯ್ದರೆ ಬಾತು ಸಡಿಲವಾಗುತ್ತದೆ, ರುಚಿ ಸಪ್ಪೆಯಾಗುತ್ತದೆ. ಹುಣಸೆರಸ ಬೀಳುತ್ತಿದ್ದದ್ದೂ ಬೇಳೆ ಪೂರ್ತಿ ಬೆಂದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಬೇಳೆ ಮೆತ್ತಗಾಗಲು ಒಪ್ಪುವುದಿಲ್ಲ. ಕೊನೆಗೆ ಬಂದವರಿಗೂ ಒಗ್ಗರಣೆಯ ಕಡಲೆಕಾಯಿ ಕರುಂ ಎನ್ನುತ್ತಿತ್ತು, ಯಾಕೆಂದರೆ ಒಗ್ಗರಣೆಯನ್ನು ಬೇರೆ ಬಟ್ಟಲಲ್ಲಿಟ್ಟು ಬಡಿಸುವಾಗ ಮೇಲೆ ಹಾಕುತ್ತಿದ್ದಿರಿ.

ರಾತ್ರಿಯ ಮುದ್ದೆಗೆ ನನ್ನ ಮೊದಲ ನಮಸ್ಕಾರ. ಒಂದೇ ಸಲಕ್ಕೆ ತಿರುವಿ ಮುಚ್ಚಿಟ್ಟರೆ ಕೆಲಸ ಹಗುರ, ಆದರೆ ಆರಿದ ಮುದ್ದೆ ಸಿಪ್ಪೆಗಟ್ಟುತ್ತದೆ, ಬಿರಿಯುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ. ಅಣ್ಣ ಏಳೂವರೆಗೆ, ಎಂಟೂಕಾಲಿಗೆ, ಒಂಬತ್ತಕ್ಕೆ ಹೀಗೆ ಮೂರು ಸಲ ಎಸರಿಡುತ್ತಿದ್ದರು. ಒಂದು ಪಾವು ಹಿಟ್ಟಿಗೆ ಸುಮಾರು ಎರಡು ಪಾವು ನೀರು. ಮೊದಲು ಒಂದು ಹಿಡಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹೊಯ್ದು, ಅದು ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಐದಾರು ನಿಮಿಷ ಕೋಲು ಮುಟ್ಟದೆ ಬಿಡುವುದು. ಅವಸರಪಟ್ಟು ಆಗಲೇ ತಿರುವಿದರೆ ಗಂಟಾಗಿ, ಮುರಿದಾಗ ಒಳಗೆ ಹಸಿಹಿಟ್ಟು ಸಿಗುತ್ತದೆ. ನಾಲ್ಕು ವರ್ಷದಲ್ಲಿ ನನ್ನ ತಟ್ಟೆಗೆ ಒಂದು ಗಂಟೂ ಬೀಳಲಿಲ್ಲ. ಆ ಒಲೆಯ ಝಳದಲ್ಲಿ ನಿಂತು ಕೋಲು ತಿರುವಲು ರಟ್ಟೆಯಲ್ಲಿ ಎಷ್ಟು ಕಸುವು ಬೇಕು ಅನ್ನುವುದು ನೋಡಿದವರಿಗೆ ಗೊತ್ತು, ಅಣ್ಣ.

ಮುದ್ದೆಯ ಜೊತೆಗಿನ ಬಸ್ಸಾರು ಬೇರೆಯೇ ಸಂಗತಿ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ, ಅದೇ ಕಾಳು ಒಂದು ಹಿಡಿ ಮಸಾಲೆಗೆ ರುಬ್ಬಿ ಹಾಕುತ್ತಿದ್ದುದರಿಂದ ಸಾರು ತಳದಲ್ಲಿ ಕೂರದೆ ಒಂದಾಗಿ ಬರುತ್ತಿತ್ತು. ಬಸಿದುಳಿದ ಸೊಪ್ಪಿನ ಪಲ್ಯವೂ ಅಷ್ಟೇ ರುಚಿ.

ಅಕ್ಕನ ಚಿತ್ರಾನ್ನ ಒಮ್ಮೆಯೂ ಕಹಿಯಾಗಲಿಲ್ಲ. ಅನ್ನವನ್ನು ಹರವಿ ಆರಿಸಿ, ಒಗ್ಗರಣೆ ಒಲೆಯಿಂದ ಇಳಿದ ಮೇಲೆ ನಿಂಬೆರಸ ಹಿಂಡುತ್ತಿದ್ದದ್ದೇ ಕಾರಣ. ಉಪ್ಪಿಟ್ಟೂ ಹಾಗೆಯೇ, ರವೆ ಘಮ್ಮೆನ್ನುವ ತನಕ ಹುರಿದು, ನೀರು ಕೊತಕೊತ ಕುದಿಯುವಾಗ ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಕಲಸುತ್ತಾ ಮಾಡಿದ್ದು.

ಬೇಸಿಗೆಯ ಪರೀಕ್ಷೆ ದಿನಗಳ ಮೊಸರನ್ನಕ್ಕೆ ಮೊಸರಿಗಿಂತ ಹಾಲೇ ಹೆಚ್ಚು ಎಂದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಬೆಳಿಗ್ಗೆ ಹಿಸುಕಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು, ಸ್ವಲ್ಪವೇ ಮೊಸರು. ಮಧ್ಯಾಹ್ನದ ಹೊತ್ತಿಗೆ ಅದು ತಾನೇ ಹದಕ್ಕೆ ಬರುತ್ತಿತ್ತು, ಹುಳಿ ಏರುತ್ತಿರಲಿಲ್ಲ. ಜ್ವರ ಬಂದವರಿಗೆ ಒಗ್ಗರಣೆಯಿಲ್ಲದ್ದನ್ನು ಕೇಳುವ ಮೊದಲೇ ಎತ್ತಿಟ್ಟಿರುತ್ತಿದ್ದಿರಿ.

ಅಮ್ಮಂದಿರೇ, ಇದೆಲ್ಲಕ್ಕೂ ಮುಂಚೆ ಬೆಳಗಿನ ಐದಕ್ಕೇ ಸೊಪ್ಪನ್ನು ಮೂರು ನೀರಲ್ಲಿ ತೊಳೆದವರು ನೀವು. ಬಸ್ಸಾರಿನಲ್ಲಿ ಒಂದು ಹರಳು ಮಣ್ಣು ಹಲ್ಲಿಗೆ ಸಿಗಲಿಲ್ಲ.

ಒಂದು ಬೇಡಿಕೆ ಇದೆ. ಮುಂದೆ ತಲೆಯೆಣಿಕೆ ಕಡಿಮೆಯಾಯಿತೆಂದು ಒಂಬತ್ತರ ಮುದ್ದೆಯನ್ನು ನಿಲ್ಲಿಸುವ ಮಾತು ಬಂದರೆ ದಯವಿಟ್ಟು ಒಪ್ಪಬೇಡಿ. ಲೈಬ್ರರಿಯಿಂದ ತಡವಾಗಿ ಬರುವ ಹುಡುಗರು ಅದನ್ನೇ ನಂಬಿಕೊಂಡಿದ್ದಾರೆ. ಮೆಸ್ ಕಮಿಟಿಗೂ ಇದನ್ನು ಬರೆದು ಕೊಟ್ಟಿದ್ದೇನೆ.

ಶನಿವಾರ ರಾತ್ರಿಗೆ ಬೋರ್ಡಿನಲ್ಲಿ ಮುದ್ದೆ, ಬಸ್ಸಾರು ಎಂದಿದೆ. ಬಸ್ಸು ಹತ್ತೂವರೆಗೆ. ಒಂಬತ್ತರ ಎಸರಿಗೆ ನನ್ನದೂ ಒಂದು ಮುದ್ದೆ ಸೇರಿಸಿ.

ನಿಮ್ಮ ಅನ್ನದ ಋಣದಲ್ಲಿ,
ಕೊನೆಯ ವರ್ಷದ, ಕಿಟಕಿ ಪಕ್ಕದ ಮೇಜಿನ ಹುಡುಗ